ಇನ್‌ಸ್ಟಾಗ್ರಾಂನಿಂದ ಬಂದ ಗ್ರಾಹಕರಿಗೆ ತಲೆಗೆ ಎಷ್ಟು ಖರ್ಚು ಮಾಡಬಹುದು? ಗಾಣದ ಎಣ್ಣೆಯ ಲೆಕ್ಕ

ಗಾಣದಮನೆ_ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮದು ಮರದ ಗಾಣ. ಪಾವಗಡದ ಕಡೆಯಿಂದ ಕಡಲೆಕಾಯಿ, ತಿಪಟೂರಿನಿಂದ ಕೊಬ್ಬರಿ ತರಿಸಿ ಎಣ್ಣೆ ತೆಗೆಯುತ್ತೇವೆ. ಎರಡು ವರ್ಷಗಳಿಂದ ನಮ್ಮದೇ ವೆಬ್‌ಸೈಟ್ ಮತ್ತು ವಾಟ್ಸ್‌ಆ್ಯಪ್ ಮೂಲಕ ರಾಜ್ಯದ ಎಲ್ಲ ಕಡೆಗೂ ಕಳುಹಿಸುತ್ತಿದ್ದೇವೆ. ಮಾರ್ಚ್‌ವರೆಗೆ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಜಾಹೀರಾತಿಗೆ ತಿಂಗಳಿಗೆ 30,000 ರೂಪಾಯಿ ಹಾಕುತ್ತಿದ್ದೆವು. ಏಪ್ರಿಲ್‌ನಿಂದ, ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಯ ಸಲಹೆಯಂತೆ, ಅದನ್ನು 60,000ಕ್ಕೆ ಏರಿಸಿದೆವು.

ಏಪ್ರಿಲ್‌ನಲ್ಲಿ ಆ್ಯಡ್ಸ್ ಮ್ಯಾನೇಜರ್‌ನಲ್ಲಿ 240 ಖರೀದಿಗಳು ಕಾಣುತ್ತಿದ್ದವು, ಸರಾಸರಿ ಆರ್ಡರ್ 900 ರೂಪಾಯಿ. ಅಂದರೆ ಹಾಕಿದ ಹಣದ 3.6 ಪಟ್ಟು ವ್ಯಾಪಾರ. ಇನ್ನೂ ಏರಿಸಿ ಎಂದು ಏಜೆನ್ಸಿಯವರು ಹೇಳುತ್ತಾರೆ. ನಾನೂ ಒಂದು ಲೆಕ್ಕ ಮಾಡಿ ನೋಡಿದೆ. ಎರಡು ವರ್ಷದ ಒಟ್ಟು ಮಾರಾಟ 38 ಲಕ್ಷ, ಒಟ್ಟು ಗ್ರಾಹಕರು 1,310. ಹಾಗಾದರೆ ಒಬ್ಬ ಗ್ರಾಹಕರಿಂದ 2,900 ರೂಪಾಯಿ ಬಂದಂತಾಯಿತು. ಅಂಥವರೊಬ್ಬರನ್ನು 250 ರೂಪಾಯಿಗೆ ತರುವುದು ಅಗ್ಗವೇ ಅನ್ನಿಸುತ್ತದೆ.

ಆದರೆ ಬ್ಯಾಂಕ್ ಖಾತೆ ಬೇರೆ ಕಥೆ ಹೇಳುತ್ತಿದೆ. ಈಗ ನವೆಂಬರ್, ಹೊಸ ಕಡಲೆಕಾಯಿ ಮಾರುಕಟ್ಟೆಗೆ ಬರುತ್ತಿದೆ, ನಾವು ನಗದು ಕೊಟ್ಟು ವರ್ಷದ ಸರಕು ಹಿಡಿಯುವ ಕಾಲ. ಕಳೆದ ವರ್ಷ ಇದ್ದಷ್ಟು ಹಣ ಈ ವರ್ಷ ಕೈಯಲ್ಲಿ ಇಲ್ಲ. ಮಾರಾಟ ಹೆಚ್ಚಿದೆ, ಹಣ ಕಡಿಮೆಯಾಗಿದೆ. ಒಬ್ಬ ಹೊಸ ಗ್ರಾಹಕರಿಗೆ ಎಷ್ಟರ ಮಿತಿ ಇಟ್ಟುಕೊಳ್ಳಬೇಕು, ಆ ಮಿತಿಯನ್ನು ಯಾವ ಲೆಕ್ಕದಿಂದ ತೆಗೆಯಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಗುಬ್ಬಿ_ಸ್ಟೋರ್ಸ್

ಮೇಡಂ, ಇದು ಬಹಳ ಸುಲಭ. ಆ್ಯಡ್ಸ್ ಮ್ಯಾನೇಜರ್‌ನ ಬಿಲ್ಲಿಂಗ್ ಭಾಗದಲ್ಲಿ `Account spending limit` ಎಂಬುದಿದೆ. ಅಲ್ಲಿ 30,000 ಎಂದು ಹಾಕಿದರೆ ಅಷ್ಟು ಖರ್ಚಾದ ಕೂಡಲೇ ಎಲ್ಲ ಜಾಹೀರಾತುಗಳೂ ನಿಲ್ಲುತ್ತವೆ. ಒಮ್ಮೆ ನಮ್ಮ ಹುಡುಗ ದಿನದ ಬಜೆಟ್‌ಗೆ ಒಂದು ಸೊನ್ನೆ ಹೆಚ್ಚು ಹಾಕಿಬಿಟ್ಟಿದ್ದ, ಈ ಮಿತಿ ಇದ್ದುದರಿಂದ ನಾವು ಉಳಿದುಕೊಂಡೆವು.

ಗಾಣದಮನೆ_ತುಮಕೂರು

ಧನ್ಯವಾದ ಅಣ್ಣ, ಅದನ್ನು ಇವತ್ತೇ ಹಾಕುತ್ತೇನೆ. ಆದರೆ ನನ್ನ ಪ್ರಶ್ನೆ, ಅಲ್ಲಿ ಬರೆಯಬೇಕಾದ ಸಂಖ್ಯೆ ಎಷ್ಟು ಎಂಬುದು.

ಡಿಜಿಟಲ್_ಚಿಕ್ಕಬಳ್ಳಾಪುರ

ಇದಕ್ಕೆ ಒಂದು ನಿಯಮವಿದೆ. ಗ್ರಾಹಕರ ಜೀವಿತಾವಧಿ ಮೌಲ್ಯ, ಅಂದರೆ ಎಲ್‌ಟಿವಿ, ಅವರನ್ನು ತರುವ ಖರ್ಚಿನ ಮೂರು ಪಟ್ಟಾದರೂ ಇರಬೇಕು. ನಿಮ್ಮ ಎಲ್‌ಟಿವಿ 2,900 ಎಂದಾದರೆ ಅದನ್ನು ಮೂರರಿಂದ ಭಾಗಿಸಿ, 960 ರೂಪಾಯಿವರೆಗೆ ಹೋಗಬಹುದು. ನೀವು 250ರಲ್ಲಿ ಇದ್ದೀರಿ, ಆದ್ದರಿಂದ ಏಜೆನ್ಸಿಯವರು ಹೇಳುವುದು ತಪ್ಪಲ್ಲ. ಹಣದ ಕೊರತೆ ಬೇರೆ ಕಾರಣದಿಂದ ಬಂದಿರಬೇಕು. ಹಳೆಯ ಗ್ರಾಹಕರಿಗೆ ನೆನಪಿಸುವ ಕೆಲಸ ಮಾಡುತ್ತಿದ್ದೀರಾ? ಎಣ್ಣೆ ಮುಗಿಯುವ ಹೊತ್ತಿಗೆ, ಸುಮಾರು 35ನೇ ದಿನ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಹೋದರೆ ಮರು ಆರ್ಡರ್ ಖಂಡಿತ ಹೆಚ್ಚುತ್ತದೆ.

ಲೆಕ್ಕಪತ್ರ_ಕೋಲಾರ

ಕೋಲಾರದಲ್ಲಿ ನಾನು ಸಣ್ಣ ಆನ್‌ಲೈನ್ ಅಂಗಡಿಗಳ ಲೆಕ್ಕ ನೋಡುತ್ತೇನೆ. 35ನೇ ದಿನದ ಸಂದೇಶದ ಮಾತು ಸರಿಯಾಗಿದೆ, ಅದನ್ನು ಮಾಡಿ. 960ರ ಮಾತನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ. ಮೂರು ಪಟ್ಟಿನ ಆ ನಿಯಮ ತಿಂಗಳ ಚಂದಾ ಪಡೆಯುವ ಸಾಫ್ಟ್‌ವೇರ್ ವ್ಯವಹಾರಗಳಿಂದ ಬಂದದ್ದು. ಅಲ್ಲಿ ಗ್ರಾಹಕ ಬಿಟ್ಟುಹೋದರೆ ಅದೇ ದಿನ ತಿಳಿಯುತ್ತದೆ. ಎಣ್ಣೆಯ ಗ್ರಾಹಕರು ಹೇಳಿ ಹೋಗುವುದಿಲ್ಲ, ಸುಮ್ಮನೆ ಮತ್ತೆ ಬರುವುದಿಲ್ಲ. ಅದಲ್ಲದೆ 2,900 ಎಂಬುದು ಮಾರಾಟ, ನಿಮ್ಮ ಕೈಯಲ್ಲಿ ಉಳಿದದ್ದಲ್ಲ. ಅದು ಎಲ್ಲ ಬಗೆಯ ಗ್ರಾಹಕರನ್ನು ಬೆರೆಸಿದ ಸರಾಸರಿಯೂ ಹೌದು. ಬಾಯಿಮಾತಿನಿಂದ ಬಂದು ಎರಡು ವರ್ಷ ಕೊಂಡ ಮನೆಯೂ, ಇನ್‌ಸ್ಟಾಗ್ರಾಂ ನೋಡಿ ಒಂದೇ ಬಾಟಲಿ ತರಿಸಿಕೊಂಡವರೂ ಅದರಲ್ಲಿ ಒಟ್ಟಿಗೆ ಇದ್ದಾರೆ. ನೀವು ಹಣ ಹಾಕುತ್ತಿರುವುದು ಎರಡನೆಯ ಬಗೆಯವರಿಗೆ, ಆದ್ದರಿಂದ ಅವರ ಲೆಕ್ಕ ಮಾತ್ರ ಬೇಕು.

ಮೊದಲು ಮೂರು ವಿಷಯಗಳನ್ನು ಹೇಳಿ, ಮೇಡಂ. 900 ರೂಪಾಯಿಯ ಒಂದು ಆರ್ಡರ್‌ನಲ್ಲಿ ಎಲ್ಲ ಕಳೆದು ಏನು ಉಳಿಯುತ್ತದೆ? ಏಪ್ರಿಲ್‌ನ 240ರಲ್ಲಿ ಹೊಸಬರು ಎಷ್ಟು ಮಂದಿ? ಕ್ಯಾಶ್ ಆನ್ ಡೆಲಿವರಿಯಲ್ಲಿ ವಾಪಸ್ ಬಂದ ಪಾರ್ಸೆಲ್‌ಗಳು ಎಷ್ಟು?

ಗಾಣದಮನೆ_ತುಮಕೂರು

ಎರಡು ದಿನ ಕುಳಿತು ತೆಗೆದೆ ಸರ್. 900ರಲ್ಲಿ ಶೇಕಡಾ 5 ಜಿಎಸ್‌ಟಿ ತೆಗೆದರೆ 857. ಹಿಂಡಿ ಮಾರಿದ ಹಣವನ್ನು ಕಳೆದ ಮೇಲೆ ಎಣ್ಣೆ ಮತ್ತು ಬಾಟಲಿಗೆ 500, ಕೊರಿಯರ್‌ಗೆ 95, ಪ್ಯಾಕಿಂಗ್‌ಗೆ 30, ಹಣ ವಸೂಲಿಯ ಶುಲ್ಕ 32. ಉಳಿಯುವುದು 200 ರೂಪಾಯಿ.

ಫೋನ್ ನಂಬರ್ ಹಿಡಿದು ಹುಡುಕಿದಾಗ 240ರಲ್ಲಿ 57 ಮಂದಿ ಮೊದಲೇ ನಮ್ಮಲ್ಲಿ ಕೊಂಡವರು. ಉಳಿದ 183 ಹೊಸ ಆರ್ಡರ್‌ಗಳಲ್ಲಿ 33 ಪಾರ್ಸೆಲ್ ವಾಪಸ್ ಬಂದಿವೆ. ಅಂದರೆ ಎಣ್ಣೆ ಮನೆಗೆ ತಲುಪಿದ ಹೊಸ ಗ್ರಾಹಕರು 150. ಇದನ್ನು ನೋಡಿ ನನಗೆ ನಿಜವಾಗಿಯೂ ಗಾಬರಿಯಾಯಿತು. ಹಳೆಯ ಗ್ರಾಹಕರು ಜಾಹೀರಾತಿನ ಲೆಕ್ಕಕ್ಕೆ ಹೇಗೆ ಬಂದರು?

ಲೆಕ್ಕಪತ್ರ_ಕೋಲಾರ

ಮೆಟಾದ ಸಾಮಾನ್ಯ ಲೆಕ್ಕದಲ್ಲಿ, ಜಾಹೀರಾತನ್ನು ಒತ್ತಿದ 7 ದಿನಗಳೊಳಗೆ, ಅಥವಾ ಒತ್ತದೆ ಬರೀ ಕಣ್ಣಿಗೆ ಬಿದ್ದ 1 ದಿನದೊಳಗೆ, ಖರೀದಿಯಾದರೆ ಅದನ್ನು ಜಾಹೀರಾತಿನ ಫಲವೆಂದೇ ಬರೆದುಕೊಳ್ಳಲಾಗುತ್ತದೆ. ಕೊಂಡವರು ಹೊಸಬರೋ ಹಳಬರೋ ಎಂಬುದು ಆ `Purchases` ಕಾಲಂಗೆ ಸಂಬಂಧವಿಲ್ಲ. ಎಣ್ಣೆ ಮುಗಿದು ಹೇಗಿದ್ದರೂ ತರಿಸಿಕೊಳ್ಳುವವರಿದ್ದ ನಿಮ್ಮ ಹಳೆಯ ಗ್ರಾಹಕರು ಹಿಂದಿನ ರಾತ್ರಿ ನಿಮ್ಮ ರೀಲ್ ನೋಡಿದ್ದರೆ ಅವರೂ ಅದರಲ್ಲಿ ಸೇರುತ್ತಾರೆ. ಪಾರ್ಸೆಲ್ ವಾಪಸ್ ಬಂದದ್ದಂತೂ ಅಲ್ಲಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ನಿಮ್ಮ ನಿಜವಾದ ಖರ್ಚು 60,000 ಭಾಗಿಸು 150, ಅಂದರೆ ಒಬ್ಬರಿಗೆ 400 ರೂಪಾಯಿ. ಪರದೆಯ ಮೇಲೆ ಕಂಡದ್ದು 250.

ಮೊದಲ ಆರ್ಡರ್‌ನಲ್ಲಿ ಪೂರ್ತಿ 200 ಉಳಿಯುವುದೂ ಇಲ್ಲ. ನೂರು ಹೊಸ ಪಾರ್ಸೆಲ್‌ಗಳಲ್ಲಿ 18 ವಾಪಸ್ ಬರುತ್ತವೆ. ಹೋಗಿ ಬರುವ ಕೊರಿಯರ್, ಹಾಳಾದ ಪ್ಯಾಕಿಂಗ್ ಸೇರಿ ಒಂದಕ್ಕೆ 200 ರೂಪಾಯಿ ಎಂದು ಹಿಡಿದರೆ 3,600 ಆಯಿತು. ಅದನ್ನು ಹೊರಬೇಕಾದವರು ತಲುಪಿದ 82 ಮಂದಿ, ತಲೆಗೆ 44. ಹಾಗಾಗಿ ಮೊದಲ ಆರ್ಡರ್‌ನ ಉಳಿಕೆ 156. ಒಬ್ಬರನ್ನು ತರಲು 400 ಕೊಟ್ಟು 156 ಪಡೆದಿರಿ. ಉಳಿದ 244 ರೂಪಾಯಿ ಮರು ಆರ್ಡರ್‌ಗಳಿಂದ ಬರಬೇಕು, ಒಂದಕ್ಕೆ 200ರಂತೆ ಪ್ರತಿ ಗ್ರಾಹಕರಿಂದ ಸರಾಸರಿ 1.2 ಮರು ಆರ್ಡರ್ ಬೇಕು. ಅದು ಬರುತ್ತಿದೆಯೇ, ಬರುವುದಾದರೆ ಎಷ್ಟು ದಿನಕ್ಕೆ ಎಂಬುದನ್ನು ಕೊಹಾರ್ಟ್ ಪಟ್ಟಿ, ಅಂದರೆ ಒಂದೇ ತಿಂಗಳಲ್ಲಿ ಮೊದಲು ಕೊಂಡವರನ್ನು ಒಂದು ಗುಂಪು ಮಾಡಿ ಅವರು ಮುಂದೆ ಎಷ್ಟು ಸಲ ಕೊಂಡರೆಂದು ಎಣಿಸುವ ಪಟ್ಟಿ, ಮಾತ್ರ ಹೇಳಬಲ್ಲದು.

ಎಲ್ಲ ಆರ್ಡರ್‌ಗಳನ್ನೂ ಒಂದು ಗೂಗಲ್ ಶೀಟ್‌ಗೆ ಇಳಿಸಿಕೊಳ್ಳಿ. A ಕಾಲಂನಲ್ಲಿ ಫೋನ್, C ದಿನಾಂಕ, F ಸ್ಥಿತಿ, G ಮೂಲ ಇರಲಿ. ಒಂದೇ ಫೋನ್ ನಂಬರ್ ಒಮ್ಮೆ +91 ಸೇರಿ, ಒಮ್ಮೆ ಸೊನ್ನೆ ಸೇರಿ, ಒಮ್ಮೆ ನಡುವೆ ಜಾಗ ಬಿಟ್ಟು ಬಂದಿರುತ್ತದೆ. ಅದನ್ನು ಸರಿಮಾಡದಿದ್ದರೆ ಹಳಬರೆಲ್ಲ ಹೊಸಬರಂತೆ ಕಾಣುತ್ತಾರೆ. ಕೆಳಗಿನ ನಾಲ್ಕು ಸೂತ್ರಗಳು ಕ್ರಮವಾಗಿ B2, D2, E2, H2ಗೆ:

```
=VALUE(RIGHT(REGEXREPLACE(TO_TEXT(A2),"\D",""),10))
=MINIFS(C:C, B:B, B2, F:F, "Delivered")
=INT((C2-D2)/30)
=INDEX(FILTER(G:G, B:B=B2, C:C=D2, F:F="Delivered"),1)
```

ಮೊದಲನೆಯದು ನಂಬರನ್ನು ಹತ್ತು ಅಂಕಿಗೆ ತರುತ್ತದೆ. ಎರಡನೆಯದು ಆ ನಂಬರಿಗೆ ಮೊದಲು ಎಣ್ಣೆ ತಲುಪಿದ ಆರ್ಡರ್‌ನ ದಿನಾಂಕ. ಮೂರನೆಯದು ಈ ಆರ್ಡರ್ ಅಲ್ಲಿಂದ ಎಷ್ಟನೆಯ 30 ದಿನಗಳಲ್ಲಿ ಬಿದ್ದಿದೆ ಎಂಬುದು, ಮೊದಲ ಮೂವತ್ತು ದಿನಕ್ಕೆ 0 ಬರುತ್ತದೆ. ನಾಲ್ಕನೆಯದು ಬಹಳ ಮುಖ್ಯ. ಗ್ರಾಹಕರು ಮೊದಲ ಸಲ ಎಲ್ಲಿಂದ ಬಂದರೋ ಆ ಮೂಲವೇ ಕೊನೆಯವರೆಗೆ ಅವರ ಹೆಸರಿಗೆ ಇರಬೇಕು. ಇನ್‌ಸ್ಟಾಗ್ರಾಂನಿಂದ ಬಂದವರು ಮುಂದಿನ ಸಲ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೂ ಅವರು ಇನ್‌ಸ್ಟಾಗ್ರಾಂನವರೇ. ತಲುಪಿದ ಆರ್ಡರ್‌ಗಳನ್ನು ಮಾತ್ರ ಉಳಿಸಿಕೊಂಡು, ಏಪ್ರಿಲ್‌ನಲ್ಲಿ ಮೊದಲು ಕೊಂಡ ಇನ್‌ಸ್ಟಾಗ್ರಾಂ ಗುಂಪಿನ ಮರು ಆರ್ಡರ್‌ಗಳನ್ನು E ಕಾಲಂ ಪ್ರಕಾರ ಎಣಿಸಿ ಇಲ್ಲಿ ಹಾಕಿ.

ಮಾವಿನತೋಟ_ಶ್ರೀನಿವಾಸಪುರ

ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನಾವು ಶ್ರೀನಿವಾಸಪುರದಿಂದ ಬಾದಾಮಿ ಮತ್ತು ಮಲ್ಲಿಕಾ ಹಣ್ಣನ್ನು ಪೆಟ್ಟಿಗೆಯಲ್ಲಿ ಬೆಂಗಳೂರಿನ ಮನೆಗಳಿಗೆ ಕಳುಹಿಸುತ್ತೇವೆ. ಫೇಸ್‌ಬುಕ್‌ನಿಂದ ಬಂದವರಿಗೆ ಈ 30 ದಿನಗಳ ಲೆಕ್ಕ ಹಾಕಿದರೆ ಜುಲೈ ನಂತರ ಎಲ್ಲವೂ ಸೊನ್ನೆ. ಹಾಗೆಂದು ಅವರು ಬಿಟ್ಟುಹೋದರು ಎನ್ನಲಾಗದು, ಮುಂದಿನ ಮೇ ತಿಂಗಳಲ್ಲಿ ಅವರೇ ಫೋನ್ ಮಾಡಿ ಹಣ್ಣು ಬಂತೇ ಎಂದು ಕೇಳುತ್ತಾರೆ. ನಮ್ಮಂಥವರು ಮಿತಿಯನ್ನು ಹೇಗೆ ಹಾಕುವುದು?

ಲೆಕ್ಕಪತ್ರ_ಕೋಲಾರ

ನಿಮಗೆ ತಿಂಗಳ ಬದಲು ಹಂಗಾಮೇ ಅಳತೆ. ಕಳೆದ ಹಂಗಾಮಿನಲ್ಲಿ ಮೊದಲು ಕೊಂಡ ಫೇಸ್‌ಬುಕ್ ಗ್ರಾಹಕರಲ್ಲಿ ಈ ಹಂಗಾಮಿನಲ್ಲಿ ನೂರಕ್ಕೆ ಎಷ್ಟು ಮಂದಿ ಮತ್ತೆ ಕೊಂಡರು, ಒಂದೇ ಹಂಗಾಮಿನೊಳಗೆ ಎರಡನೆಯ ಪೆಟ್ಟಿಗೆ ಎಷ್ಟು ಮಂದಿ ತರಿಸಿದರು, ಈ ಎರಡೇ ಸಂಖ್ಯೆ ಸಾಕು. ಆದರೆ ಮುಂದಿನ ವರ್ಷದ ಹಣವನ್ನು ಈ ವರ್ಷದ ಮಿತಿಗೆ ಸೇರಿಸಬೇಕೇ ಎಂಬುದು ನಿಮ್ಮ ಕೈಯಲ್ಲಿರುವ ಬಂಡವಾಳದ ಮೇಲೆ ನಿಂತಿದೆ. ನಾನಾದರೆ ಸೇರಿಸುವುದಿಲ್ಲ. ಒಂದು ವರ್ಷ ಮರದಲ್ಲಿ ಹೂ ನಿಲ್ಲದೆ ಹೋದರೆ ಗ್ರಾಹಕರು ಬಂದರೂ ಕೊಡಲು ಹಣ್ಣಿರುವುದಿಲ್ಲ.

ಗಾಣದಮನೆ_ತುಮಕೂರು

ಪಟ್ಟಿ ಬಂತು ಸರ್. ಏಪ್ರಿಲ್‌ನ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಗುಂಪು 150 ಮಂದಿ. ಮರು ಆರ್ಡರ್‌ಗಳು ಮೊದಲ 30 ದಿನಗಳಲ್ಲಿ 12, ಎರಡನೆಯ 30 ದಿನಗಳಲ್ಲಿ 30, ಆಮೇಲೆ ಕ್ರಮವಾಗಿ 24, 18, 15, 12. ಒಟ್ಟು 111. ನಮ್ಮಲ್ಲಿ ಹೆಚ್ಚಿನವರು ಮೊದಲ ಸಲ ಎರಡು ಲೀಟರ್ ತರಿಸಿಕೊಳ್ಳುತ್ತಾರೆ, ನಾಲ್ಕು ಜನರ ಮನೆಯಲ್ಲಿ ಅದು ಒಂದು ತಿಂಗಳ ಮೇಲೆ ಸ್ವಲ್ಪ ದಿನ ಬರುತ್ತದೆ. ಆದ್ದರಿಂದ ಎರಡನೆಯ ತಿಂಗಳಲ್ಲೇ ಹೆಚ್ಚು ಬಂದಿರಬೇಕು.

ಹೋಲಿಸಿ ನೋಡಲು, ಪರಿಚಯದವರ ಮಾತು ಕೇಳಿ ಬಂದ 60 ಮಂದಿಯದನ್ನೂ ತೆಗೆದೆ. ಅವರು 180 ದಿನಗಳಲ್ಲಿ 96 ಮರು ಆರ್ಡರ್ ಕೊಟ್ಟಿದ್ದಾರೆ.

ಲೆಕ್ಕಪತ್ರ_ಕೋಲಾರ

ನಿಮ್ಮ 2,900 ಎಲ್ಲಿಂದ ಬಂತೆಂದು ಈಗ ತಿಳಿಯಿತು. ಪರಿಚಯದಿಂದ ಬಂದವರು ಆರು ತಿಂಗಳಲ್ಲಿ ತಲೆಗೆ 1.6 ಸಲ ಮತ್ತೆ ಕೊಂಡರು, ಇನ್‌ಸ್ಟಾಗ್ರಾಂನವರು 0.74 ಸಲ. ಒಂದೇ ಎಣ್ಣೆ, ಒಂದೇ ಬೆಲೆ.

ಈಗ ಮಿತಿಗೆ ಬರೋಣ. ಮೊದಲ 90 ದಿನಗಳಲ್ಲಿ 66 ಮರು ಆರ್ಡರ್, 150 ಮಂದಿಗೆ 0.44. ಮೊದಲ ಆರ್ಡರ್‌ನ 156ಕ್ಕೆ 88 ಸೇರಿಸಿದರೆ 244 ರೂಪಾಯಿ. 180 ದಿನಗಳಿಗೆ 156ಕ್ಕೆ 148 ಸೇರಿ 304. ಈ ಗುಂಪಿನ ಒಬ್ಬ ಗ್ರಾಹಕರು ಮೂರು ತಿಂಗಳಲ್ಲಿ ನಿಮಗೆ ಮರಳಿಸಿದ್ದು 244, ಆರು ತಿಂಗಳಲ್ಲಿ 304. ನೀವು ಕೊಟ್ಟದ್ದು 400. ಏಪ್ರಿಲ್ ಒಂದೇ ತಿಂಗಳ ಗುಂಪಿನಲ್ಲಿ 90ನೇ ದಿನಕ್ಕೆ 23,400 ರೂಪಾಯಿ ಮರಳಿ ಬಂದಿರಲಿಲ್ಲ. ಅದರ ಮೇಲೆ ಮೇ ಗುಂಪು, ಜೂನ್ ಗುಂಪು ಹೀಗೆ ಒಂದರ ಮೇಲೊಂದು ಕೂತಿವೆ. ಕಡಲೆಕಾಯಿಗೆ ಇರಬೇಕಾದ ಹಣ ಅಲ್ಲಿದೆ.

ಒಂದು ಸಂಶಯ ಪರಿಹರಿಸಿಕೊಳ್ಳಬೇಕು. 111 ಆರ್ಡರ್‌ಗಳನ್ನು ಕೊಟ್ಟವರು ಎಷ್ಟು ಬೇರೆ ಬೇರೆ ಮಂದಿ? ಒಬ್ಬರೇ ಹತ್ತಾರು ಸಲ ಕೊಂಡಿದ್ದರೆ ಸರಾಸರಿ ಮೋಸ ಮಾಡುತ್ತದೆ.

ಗಾಣದಮನೆ_ತುಮಕೂರು

ನೀವು ಕೇಳಿದ್ದು ಒಳ್ಳೆಯದಾಯಿತು. ತಿಂಡಿ ಮಾಡಿ ಮಾರುವ ಒಬ್ಬರು ಒಬ್ಬರೇ 14 ಸಲ ತರಿಸಿದ್ದಾರೆ, ಅದರಲ್ಲಿ 6 ಮೊದಲ 90 ದಿನಗಳಲ್ಲಿ. ಉಳಿದವರಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಯಾರೂ ಇಲ್ಲ.

ಲೆಕ್ಕಪತ್ರ_ಕೋಲಾರ

ಅವರನ್ನು ಈ ಗುಂಪಿನಿಂದ ತೆಗೆದು ಸಗಟು ಪಟ್ಟಿಗೆ ಹಾಕಿ. ಮುಂದಿನ 150 ಮಂದಿಯಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆಂದು ನಂಬಿ ಹಣ ಹಾಕುವುದು ತಪ್ಪು. ಆಗ 149 ಮಂದಿಗೆ 90 ದಿನಗಳಲ್ಲಿ 60 ಮರು ಆರ್ಡರ್, 180 ದಿನಗಳಲ್ಲಿ 97. ಉಳಿಕೆ 236 ಮತ್ತು 286 ರೂಪಾಯಿಗೆ ಇಳಿಯುತ್ತದೆ.

ಈ ಎರಡರಲ್ಲಿ ಯಾವುದನ್ನು ಮಿತಿ ಮಾಡಿಕೊಳ್ಳಬೇಕು ಎಂಬುದು ನಿಮ್ಮ ಹಣ ಎಷ್ಟು ದಿನ ಕಾಯಬಲ್ಲದು ಎಂಬುದರ ಮೇಲೆ ನಿಂತಿದೆ. ಸರಕಿಗೆ ನೀವು ನಗದು ಕೊಡುತ್ತೀರಿ, ಸಾಲಕ್ಕೆ ಬಡ್ಡಿ ಕಟ್ಟುತ್ತೀರಿ. ಆದ್ದರಿಂದ ಈ ವರ್ಷ 90 ದಿನಗಳ 236 ರೂಪಾಯಿಯನ್ನೇ ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ. ಇದು ಎಣ್ಣೆ ತಲುಪಿದ ಒಬ್ಬ ಹೊಸ ಗ್ರಾಹಕರಿಗೆ ಹಾಕಬಹುದಾದ ಗರಿಷ್ಠ ಮೊತ್ತ. ಅಷ್ಟನ್ನೂ ಖರ್ಚು ಮಾಡಿದರೆ ಮೂರು ತಿಂಗಳಲ್ಲಿ ನಷ್ಟವೂ ಇಲ್ಲ, ಲಾಭವೂ ಇಲ್ಲ. ಆಮೇಲೆ ಬರುವ ಆರ್ಡರ್‌ಗಳೇ ಲಾಭ.

ಏಜೆನ್ಸಿಯವರಿಗೆ ಈ 236ನ್ನು ಹಾಗೆಯೇ ಹೇಳಬೇಡಿ. ಅವರು ನೋಡುವ ಪರದೆಯಲ್ಲಿ ಖರೀದಿ 240 ಎಂದಿರುವಾಗ ನಿಜವಾದ ಹೊಸಬರು 150, ಅಂದರೆ ನೂರಕ್ಕೆ 62.5. ಆದ್ದರಿಂದ ಪರದೆಯ ಮೇಲೆ ಒಂದು ಖರೀದಿಯ ಖರ್ಚು ಸುಮಾರು 148 ರೂಪಾಯಿ ಮೀರಬಾರದು ಎಂದು ಹೇಳಿ. ಈ 62.5ನ್ನು ಪ್ರತಿ ತಿಂಗಳೂ ಹೊಸದಾಗಿ ತೆಗೆಯಬೇಕು. ಹಳೆಯ ಗ್ರಾಹಕರ ನಂಬರ್ ಪಟ್ಟಿಯನ್ನು ಏರಿಸಿ ಅವರನ್ನು ಜಾಹೀರಾತಿನಿಂದ ಹೊರಗಿಟ್ಟರೆ ಆ ಪ್ರಮಾಣವೇ ಬದಲಾಗುತ್ತದೆ.

ಡಿಜಿಟಲ್_ಚಿಕ್ಕಬಳ್ಳಾಪುರ

ನನ್ನ 960 ತಪ್ಪೆಂದು ಒಪ್ಪುತ್ತೇನೆ, ಮಾರಾಟವನ್ನು ಉಳಿಕೆ ಎಂದು ಹಿಡಿದಿದ್ದೆ. ಆದರೆ 236 ಬಹಳ ಬಿಗಿಯಾಯಿತು. ಏಪ್ರಿಲ್‌ನವರು ಏಳನೆಯ, ಎಂಟನೆಯ ತಿಂಗಳಲ್ಲೂ ಕೊಳ್ಳುತ್ತಾರಲ್ಲ? 24, 18, 15, 12 ಎಂದು ನಿಧಾನವಾಗಿಯೇ ಇಳಿಯುತ್ತಿದೆ. ಅದನ್ನು ಮುಂದಕ್ಕೆ ಎಳೆದರೆ ವರ್ಷಕ್ಕೆ ತಲೆಗೆ ಒಂದು ಮರು ಆರ್ಡರ್ ಬಂದೇ ಬರುತ್ತದೆ. ಮೊದಲಿನ 30,000ದಲ್ಲಿ ಅವರಿಗೆ ಒಬ್ಬರು ಎಷ್ಟಕ್ಕೆ ಬರುತ್ತಿದ್ದರು ಎಂದೂ ನೋಡಬೇಕು.

ಲೆಕ್ಕಪತ್ರ_ಕೋಲಾರ

ಇಳಿಯುವ ಕ್ರಮವನ್ನು ಮುಂದಕ್ಕೆ ಎಳೆಯುವುದರಲ್ಲಿ ತಪ್ಪಿಲ್ಲ, ವರ್ಷಕ್ಕೆ ತಲೆಗೆ ಒಂದು ಎಂಬ ನಿಮ್ಮ ಊಹೆ ನಿಜವಾಗಲೂಬಹುದು. ಹಾಗಾದರೂ 156ಕ್ಕೆ 200 ಸೇರಿ 356, ಆಗಲೂ 400 ಮರಳಿ ಬರುವುದಿಲ್ಲ. ಆದರೆ ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. ಮೇಡಂ, ಮಾರ್ಚ್‌ನ ಸಂಖ್ಯೆ ಕೊಡಿ.

ಗಾಣದಮನೆ_ತುಮಕೂರು

ಮಾರ್ಚ್‌ನಲ್ಲಿ 30,000 ಖರ್ಚು, ಎಣ್ಣೆ ತಲುಪಿದ ಹೊಸಬರು 100.

ಲೆಕ್ಕಪತ್ರ_ಕೋಲಾರ

ಹಾಗಾದರೆ ನೋಡಿ. ಮೊದಲ 30,000 ನೂರು ಮಂದಿಯನ್ನು ತಂದಿತು, ತಲೆಗೆ 300. ಏಪ್ರಿಲ್‌ನಲ್ಲಿ ಸೇರಿಸಿದ ಇನ್ನೊಂದು 30,000 ತಂದದ್ದು ಕೇವಲ 50 ಮಂದಿಯನ್ನು, ತಲೆಗೆ 600. ನಾನು ಇದುವರೆಗೆ ಹೇಳುತ್ತಿದ್ದ 400 ಈ ಎರಡರ ಸರಾಸರಿ ಮಾತ್ರ. ಬಜೆಟ್ ಏರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಸರಾಸರಿಯಿಂದ ಉತ್ತರ ಸಿಗದು, ಕೊನೆಗೆ ಸೇರಿಸಿದ ಹಣ ತಂದವರ ಬೆಲೆ ಏನೆಂದು ಕೇಳಬೇಕು. ಕೊಳ್ಳುವ ಮನಸ್ಸು ಇದ್ದವರಿಗೆ ಜಾಹೀರಾತು ಮೊದಲು ತಲುಪುತ್ತದೆ. ಅವರು ಮುಗಿದ ಮೇಲೆ ಮನಸ್ಸಿಲ್ಲದವರ ಮುಂದೆ ಮತ್ತೆ ಮತ್ತೆ ಸುತ್ತುತ್ತದೆ.

ಎರಡು ತಿಂಗಳ ಹೋಲಿಕೆ ಮಾತ್ರ ಆಗಿರುವುದರಿಂದ 600 ಎಂಬುದನ್ನು ಕಲ್ಲಿನ ಮೇಲೆ ಬರೆದಂತೆ ಹಿಡಿಯಬೇಡಿ. ಬೇಸಿಗೆ ರಜೆಯ ಪರಿಣಾಮವೂ ಇರಬಹುದು. ಆದರೆ ದಿಕ್ಕು ಸ್ಪಷ್ಟವಾಗಿದೆ. ದಿನಕ್ಕೆ 2,000ದಿಂದ 700ಕ್ಕೆ ಇಳಿಸಿ, ಎರಡು ವಾರಕ್ಕೊಮ್ಮೆ ನೂರು ನೂರು ಏರಿಸುತ್ತಾ, ಹೊಸದಾಗಿ ಸೇರಿಸಿದ ಹಣಕ್ಕೆ ಬಂದವರ ಬೆಲೆ 236 ದಾಟುವ ಹಂತದಲ್ಲಿ ನಿಲ್ಲಿಸಿ.

ತಿಪಟೂರು_ಕೊಬ್ಬರಿ

ನಾನು ಕೊಬ್ಬರಿ ವ್ಯಾಪಾರದವನು. ಒಂದು ಮಾತು ಸೇರಿಸುತ್ತೇನೆ. ಆರ್ಡರ್‌ಗೆ 200 ಉಳಿಯುತ್ತದೆ ಎಂಬುದು ಇವತ್ತಿನ ಸರಕಿನ ಬೆಲೆಗೆ. ತಿಪಟೂರಿನ ಹರಾಜಿನಲ್ಲಿ ಕೊಬ್ಬರಿ ಬೆಲೆ ಒಂದೇ ವರ್ಷದಲ್ಲಿ ಎಷ್ಟು ಏರಿಳಿಯಬಲ್ಲದು ಎಂದು ಮೇಡಂ ಅವರಿಗೂ ಗೊತ್ತು. ಬೆಲೆ ಏರಿ ಉಳಿಕೆ 150ಕ್ಕೆ ಬಂದರೆ ಮಿತಿಯೂ ಇಳಿಯಬೇಕಲ್ಲವೇ? ಇನ್ನೊಂದು, ನಮ್ಮ ಪರಿಚಯದ ಒಬ್ಬರು ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿ ಇದ್ದಾರೆ. ಅವರಿಗೆ ಜಾಹೀರಾತಿನ ಬಿಲ್ಲಿನ ಮೇಲಿನ ಶೇಕಡಾ 18 ತೆರಿಗೆ ಮರಳಿ ಸಿಗುವುದಿಲ್ಲ. ಅಂಥವರಿಗೆ 60,000 ಎಂದರೆ 70,800.

ಲೆಕ್ಕಪತ್ರ_ಕೋಲಾರ

ಎರಡೂ ಸರಿ. ಅದಕ್ಕಾಗಿಯೇ ಕೊಹಾರ್ಟ್ ಪಟ್ಟಿಯಲ್ಲಿ ರೂಪಾಯಿ ಬರೆಯದೆ ಆರ್ಡರ್‌ಗಳ ಎಣಿಕೆಯನ್ನು ಮಾತ್ರ ಇಡಬೇಕು ಎನ್ನುತ್ತೇನೆ. ಎಷ್ಟು ಸಲ ಮರಳಿ ಬಂದರು ಎಂಬುದು ಒಂದು ಕಡೆ, ಒಂದು ಸಲಕ್ಕೆ ಏನು ಉಳಿಯುತ್ತದೆ ಎಂಬುದು ಇನ್ನೊಂದು ಕಡೆ ಇದ್ದರೆ, ಸರಕಿನ ಬೆಲೆ ಬದಲಾದ ದಿನ ಮಿತಿಯನ್ನು ಐದು ನಿಮಿಷದಲ್ಲಿ ತಿದ್ದಬಹುದು.

ಗಾಣದಮನೆ_ತುಮಕೂರು

ಇನ್ನೊಂದು ಕೇಳಬೇಕಿತ್ತು. ಎಲ್ಲ ಜಾಹೀರಾತುಗಳಿಗೂ ಒಂದೇ ಮಿತಿಯೇ? ಕಳೆದ ವರ್ಷದ ದೀಪಾವಳಿಗೆ ಒಂದು ಲೀಟರ್ ಕೊಂಡರೆ ಕಾಲು ಲೀಟರ್ ಉಚಿತ ಎಂಬ ಜಾಹೀರಾತು ಹಾಕಿದ್ದೆವು. 110 ಹೊಸಬರು ತಲೆಗೆ 210 ರೂಪಾಯಿಗೆ ಬಂದರು, ನಮ್ಮಲ್ಲಿ ಅತಿ ಅಗ್ಗದ ಜಾಹೀರಾತು ಅದೇ. ಮಾರ್ಚ್‌ನಲ್ಲಿ ಗಾಣ ತಿರುಗುವ ವಿಡಿಯೊ ಒಂದನ್ನು ಹಾಕಿದ್ದೆವು. ಬೀಜ ಆರಿಸುವುದರಿಂದ ಹಿಡಿದು ಎಣ್ಣೆ ತೊಟ್ಟಿಕ್ಕುವವರೆಗೆ, ಹಿಂದೆ ಹಾಡಿಲ್ಲ, ಗಾಣದ ಕಿರ್ ಎನ್ನುವ ಸದ್ದು ಮಾತ್ರ. ಅದಕ್ಕೆ 40 ಮಂದಿ ಬಂದರು, ತಲೆಗೆ 330. ದುಬಾರಿ ಎಂದು ಏಜೆನ್ಸಿಯವರು ನಿಲ್ಲಿಸಿದರು. ಈಗ ತೆಗೆದು ನೋಡಿದರೆ 180 ದಿನಗಳಲ್ಲಿ ದೀಪಾವಳಿಯ 110 ಮಂದಿ ಕೊಟ್ಟದ್ದು 33 ಮರು ಆರ್ಡರ್, ವಿಡಿಯೊದ 40 ಮಂದಿ ಕೊಟ್ಟದ್ದು 42.

ಲೆಕ್ಕಪತ್ರ_ಕೋಲಾರ

ಇದನ್ನು ನೀವೇ ಕಂಡುಕೊಂಡದ್ದು ನನಗೆ ಸಂತೋಷ. ಉಚಿತ ಎಣ್ಣೆಗೆ 70 ರೂಪಾಯಿ ಹಿಡಿದರೆ ದೀಪಾವಳಿ ಗುಂಪಿನ ಮೊದಲ ಆರ್ಡರ್‌ನಲ್ಲಿ ಉಳಿದದ್ದು 86, ಅದಕ್ಕೆ 0.3 ಮರು ಆರ್ಡರ್‌ನ 60 ಸೇರಿ 146. 210 ಕೊಟ್ಟು 146 ಪಡೆದಿರಿ. ವಿಡಿಯೊ ಗುಂಪಿನಲ್ಲಿ 156ಕ್ಕೆ 210 ಸೇರಿ 366. 330 ಕೊಟ್ಟು 366 ಪಡೆದಿರಿ. ಅಗ್ಗದ ಜಾಹೀರಾತು ಆರು ತಿಂಗಳಾದರೂ ನಷ್ಟದಲ್ಲಿದೆ, ದುಬಾರಿಯದು ಲಾಭಕ್ಕೆ ಬಂದಿದೆ. ಉಚಿತಕ್ಕೆ ಬಂದವರು ಮುಂದಿನ ಉಚಿತಕ್ಕೆ ಕಾಯುತ್ತಾರೆ. ಹೇಗೆ ತೆಗೆಯುತ್ತಾರೆಂದು ನೋಡಿ ಬಂದವರಿಗೆ ಅಂಗಡಿಯ ಬೇರೆ ಎಣ್ಣೆಗೆ ಮರಳಲು ಮನಸ್ಸಾಗುವುದಿಲ್ಲ. ಈ ಕಾರಣ ನನ್ನ ಊಹೆ, ಸಂಖ್ಯೆ ಮಾತ್ರ ನಿಮ್ಮದು.

ಎಚ್ಚರಿಕೆ ಎಂದರೆ, 40 ಮಂದಿ ಬಹಳ ಸಣ್ಣ ಗುಂಪು. ನಾಲ್ಕೈದು ಮನೆಗಳು ಬೇರೆಯಾಗಿ ನಡೆದುಕೊಂಡಿದ್ದರೆ ಚಿತ್ರವೇ ಬದಲಾಗುತ್ತಿತ್ತು. ಅದೇ ವಿಡಿಯೊವನ್ನು ಮತ್ತೆ ಹಾಕಿ ಇನ್ನೊಂದು ನೂರು ಮಂದಿ ಸೇರುವವರೆಗೆ ಅದರ ಮಿತಿಯನ್ನು 236ರಿಂದ ಏರಿಸುವುದಾದರೆ ಸ್ವಲ್ಪವೇ ಏರಿಸಿ. ಹೊಸ ಗುಂಪುಗಳನ್ನು ಹಳೆಯವುಗಳ ಜೊತೆ ಹೋಲಿಸುವಾಗ ಒಂದೇ ವಯಸ್ಸಿನಲ್ಲಿ ಹೋಲಿಸಬೇಕು. ಅಕ್ಟೋಬರ್ ಗುಂಪಿನ 30 ದಿನಗಳನ್ನು ಏಪ್ರಿಲ್ ಗುಂಪಿನ 30 ದಿನಗಳ ಪಕ್ಕದಲ್ಲಿಟ್ಟು ನೋಡಿ, 180ರ ಪಕ್ಕದಲ್ಲಲ್ಲ.

ಡಿಜಿಟಲ್_ಚಿಕ್ಕಬಳ್ಳಾಪುರ

ಒಂದು ಆಕ್ಷೇಪ ಉಳಿದಿದೆ. ಇನ್‌ಸ್ಟಾಗ್ರಾಂನಿಂದ ಬಂದವರು ಅಕ್ಕಪಕ್ಕದವರಿಗೆ ಹೇಳಿ, ಅವರು ಬಂದರೆ, ಅದು ಪರಿಚಯದ ಗುಂಪಿಗೆ ಹೋಗುತ್ತದೆ. ನಿಜವಾಗಿ ಅದರ ಬೇರು ಜಾಹೀರಾತಿನಲ್ಲಿದೆ. ಅದನ್ನು ಸೇರಿಸದಿದ್ದರೆ ಇನ್‌ಸ್ಟಾಗ್ರಾಂಗೆ ಅನ್ಯಾಯವಾಗುತ್ತದೆ.

ತಿಪಟೂರು_ಕೊಬ್ಬರಿ

ಇದು ನನಗೂ ಸರಿ ಎನ್ನಿಸುತ್ತದೆ. ನಮ್ಮ ಕಡೆ ಒಂದು ಮನೆಗೆ ಎಣ್ಣೆ ಹೋದರೆ ಬೀದಿಗೇ ತಿಳಿಯುತ್ತದೆ.

ಲೆಕ್ಕಪತ್ರ_ಕೋಲಾರ

ತತ್ವದಲ್ಲಿ ಒಪ್ಪುತ್ತೇನೆ. ಆದರೆ ಯಾರು ಹೇಳಿದರು ಎಂಬುದನ್ನು ಆರ್ಡರ್ ಹೊತ್ತಿಗೆ ಕೇಳಿ, ಅವರ ನಂಬರ್ ಬರೆದುಕೊಳ್ಳದೆ ಸೇರಿಸಿದರೆ ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಸೇರಿಸಿಕೊಳ್ಳುತ್ತಾರೆ. ಏಜೆನ್ಸಿಯವರಂತೂ ಮೊದಲು ಸೇರಿಸುತ್ತಾರೆ. ಬರೆದುಕೊಂಡ ಲೆಕ್ಕ ಸಿಗುವವರೆಗೆ ನಾನು ಅದನ್ನು ಮಿತಿಯ ಹೊರಗೇ ಇಡುತ್ತೇನೆ. ಇದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯಾಗಿಯೇ ಇರಲಿ.

ಗಾಣದಮನೆ_ತುಮಕೂರು (ನಾಲ್ಕು ತಿಂಗಳ ನಂತರ)

ಎಲ್ಲರಿಗೂ ನಮಸ್ಕಾರ, ಏನಾಯಿತೆಂದು ತಿಳಿಸುತ್ತೇನೆ. ಡಿಸೆಂಬರ್‌ನಿಂದ ದಿನಕ್ಕೆ 700 ರೂಪಾಯಿ ಮಾಡಿದೆವು. ಉಚಿತದ ಜಾಹೀರಾತು ನಿಲ್ಲಿಸಿ ಗಾಣದ ವಿಡಿಯೊ ಮತ್ತೆ ಹಾಕಿದೆವು. ಕ್ಯಾಶ್ ಆನ್ ಡೆಲಿವರಿಯ ಹೊಸ ಆರ್ಡರ್ ಬಂದರೆ ಪಾರ್ಸೆಲ್ ಕಟ್ಟುವ ಮೊದಲು ನಮ್ಮ ಅತ್ತೆ ಫೋನ್ ಮಾಡಿ, "ಎಣ್ಣೆ ಬುಧವಾರ ಬರ್ತದಮ್ಮ, ಮನೇಲಿ ಇರ್ತೀರಾ?" ಎಂದು ಕೇಳುತ್ತಾರೆ. ವಾಪಸ್ ಬರುವುದು ನೂರಕ್ಕೆ 18ರಿಂದ 11ಕ್ಕೆ ಇಳಿದಿದೆ, ಅದರಿಂದ ಮೊದಲ ಆರ್ಡರ್‌ನ ಉಳಿಕೆ 175 ಆಗಿದೆ.

ಡಿಸೆಂಬರ್ ಗುಂಪಿಗೆ ಈಗ 90 ದಿನ ತುಂಬಿತು. ಜಾಹೀರಾತಿಗೆ 21,700 ಹೋಯಿತು, ಎಣ್ಣೆ ತಲುಪಿದ ಹೊಸಬರು 86, ಅಂದರೆ ತಲೆಗೆ 252. ಮರು ಆರ್ಡರ್ 41. 175ಕ್ಕೆ 95 ಸೇರಿ 270. ಮೊದಲ ಬಾರಿಗೆ ಒಂದು ಗುಂಪು ಮೂರು ತಿಂಗಳಲ್ಲಿ ತನ್ನ ಖರ್ಚನ್ನು ತಾನೇ ತೀರಿಸಿದೆ. 35ನೇ ದಿನದ ಸಂದೇಶವೂ ಇದೇ ಅವಧಿಯಲ್ಲಿ ಶುರುವಾದ್ದರಿಂದ ಯಾವುದರ ಫಲ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಆಗುತ್ತಿಲ್ಲ.

ಒಂದು ಕಷ್ಟ ಉಳಿದಿದೆ. ಒಟ್ಟು ಮಾರಾಟ ಇಳಿದಿದೆ, ವಾರಕ್ಕೆ ಎರಡು ದಿನ ಗಾಣ ಸುಮ್ಮನೆ ನಿಲ್ಲುತ್ತದೆ, ಇಬ್ಬರು ಕೆಲಸದವರ ಸಂಬಳ ಮಾತ್ರ ನಿಲ್ಲುವುದಿಲ್ಲ. ಗಾಣ ಹೇಗಿದ್ದರೂ ನಿಂತಿದೆ, ಆದ್ದರಿಂದ ಎಣ್ಣೆಯ 500ರಲ್ಲಿ ಕೂಲಿಯನ್ನು ಬಿಟ್ಟು ಲೆಕ್ಕ ಹಾಕಿ ಮಿತಿಯನ್ನು 300ಕ್ಕೆ ಏರಿಸಬಹುದಲ್ಲ ಎಂದು ನಮ್ಮ ಮನೆಯವರು ಕೇಳುತ್ತಿದ್ದಾರೆ.

ಲೆಕ್ಕಪತ್ರ_ಕೋಲಾರ

ಗಾಣ ಖಾಲಿ ನಿಂತಿರುವ ಎರಡು ದಿನಗಳ ಎಣ್ಣೆಗೆ ಮಾತ್ರ ಅವರ ಮಾತು ಸರಿ. ಆ ಎರಡು ದಿನಗಳಲ್ಲಿ ಎಷ್ಟು ಲೀಟರ್ ತೆಗೆಯಬಹುದು, 500ರಲ್ಲಿ ಕೂಲಿ ಎಷ್ಟಿದೆ ಎಂದು ಬರೆಯಿರಿ. ಅಷ್ಟು ಲೀಟರ್‌ಗೆ ಬೇಕಾದ ಹೊಸ ಗ್ರಾಹಕರಿಗೆ ಮಾತ್ರ ಬೇರೆ ಮಿತಿ ಹಾಕಬಹುದೇ ಎಂದು ನೋಡೋಣ. ಅವರ ಮರು ಆರ್ಡರ್‌ಗಳು ಬಂದಾಗ ಗಾಣ ತುಂಬಿಬಿಟ್ಟರೆ ಆ ಕೂಲಿಯನ್ನು ಮತ್ತೆ ಸೇರಿಸಬೇಕಾಗುತ್ತದೆ, ಅದು ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನೂ ಕೊಹಾರ್ಟ್‌ನಿಂದಲೇ ತೆಗೆಯಬೇಕು.

ಮಾವಿನತೋಟ_ಶ್ರೀನಿವಾಸಪುರ

ನಾನೂ ಹಿಂದಿನ ಎರಡು ಹಂಗಾಮುಗಳ ನಂಬರ್‌ಗಳನ್ನು ಜೋಡಿಸಿದೆ. ಫೇಸ್‌ಬುಕ್‌ನಿಂದ ಬಂದ ನೂರರಲ್ಲಿ 31 ಮಂದಿ ಮರುವರ್ಷ ಬಂದಿದ್ದಾರೆ. ಅರ್ಧಕ್ಕಿಂತ ಹೆಚ್ಚು ಬರುತ್ತಾರೆ ಎಂದೇ ನಾನು ತಿಳಿದಿದ್ದೆ. ಮರಗಳಲ್ಲಿ ಹೂ ಕಚ್ಚಿದೆ, ಜಾಹೀರಾತು ಶುರುಮಾಡುವ ಮೊದಲು ಮಿತಿ ಹಾಕಿಕೊಳ್ಳಬೇಕು. ಮೇಡಂ ಅವರ ಲೆಕ್ಕ ಮುಗಿದ ಮೇಲೆ ನನ್ನ ಪಟ್ಟಿಯನ್ನೂ ಇಲ್ಲಿ ಹಾಕುತ್ತೇನೆ.